ಐವತ್ತನೇ ವರ್ಷದ ಫೋಟೋ

"ನಮ್ಮೆಜಮಾನರನ್ನ ಫೋಟೋದಲ್ಲಿ ಸೇರಿಸೋಕೆ ಆಗುತ್ತಾ" ಅಂತ ವಿಮಲಮ್ಮ ಕೇಳಲಿಲ್ಲ. "ಅವರನ್ನ ಎಲ್ಲಿ ಕೂರಿಸ್ತೀರಿ?" ಅಂತ ಕೇಳಿದರು. ನಾನು ಎಷ್ಟು ಜನ, ಎಷ್ಟು ಕುರ್ಚಿ ಅಂತ ಬರೆದುಕೊಳ್ಳುತ್ತಾ ಇದ್ದೆ. ಯಜಮಾನರಿಗೆ ಮಂಡಿ ನೋವು ಇದ್ರೆ ಹೇಳಿ, ಎತ್ತರದ ಕುರ್ಚಿ ಹಾಕೋಣ ಅಂದೆ. ಮಗ ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಮಗಳು ಮೆಲ್ಲಗೆ, "ಅಪ್ಪ 1994ರಲ್ಲೇ ಹೋದ್ರು" ಅಂದರು.

ಮದುವೆ ಆಗಿದ್ದು 1975ರಲ್ಲಿ. ಈಗ ಐವತ್ತು ತುಂಬುತ್ತೆ. ಗಂಡ ಇಲ್ಲದೆ ಇದೆಂಥ ವಾರ್ಷಿಕೋತ್ಸವ ಅಂತ ಯಾರಾದ್ರೂ ಅಂದಿರಬೇಕು, ಯಾಕಂದ್ರೆ ನಾನು ಬಾಯಿ ತೆಗೆಯುವ ಮುಂಚೆಯೇ ವಿಮಲಮ್ಮ ಉತ್ತರ ಕೊಟ್ಟರು. "ನೋಡಪ್ಪ, ಅವರು ಹೋದ್ರು ನಿಜ, ಮದುವೆ ಆಗಿದ್ದು ಸುಳ್ಳಾಗುತ್ತಾ?"

ಬ್ಯಾಗಿನಿಂದ ಒಂದು ಸಣ್ಣ ಪ್ರಿಂಟ್ ತೆಗೆದರು. 1992ರದ್ದು. ಆ ಕಾಲದ ಕಲರ್ ಪ್ರಿಂಟ್‌ಗಳಿಗೆ ಬರುವ ಕಾಯಿಲೆ ಇದಕ್ಕೂ ಬಂದಿತ್ತು, ಮುಖವೆಲ್ಲ ಕೆಂಪಗಾಗಿ ಅಂಚು ಹಳದಿಗೆ ತಿರುಗಿತ್ತು. ಮುಖ ಹೆಬ್ಬೆರಳಿನ ಉಗುರಿನಷ್ಟಿದೆ. ಅದನ್ನು ಹಿಗ್ಗಿಸಿದರೆ ಗಂಡ ಬರಲ್ಲ, ಬರೀ ಚುಕ್ಕಿ ಬರುತ್ತೆ. ನೆಗೆಟಿವ್ ಇದೆಯಾ ಅಂತ ಸುಮ್ನೆ ಕೇಳಿದೆ. ಸಾಮಾನ್ಯವಾಗಿ ಯಾರ ಹತ್ತಿರವೂ ಇರಲ್ಲ, ಪ್ರಿಂಟ್ ಇಟ್ಕೊಂಡು ನೆಗೆಟಿವ್ ಎಸೆದಿರುತ್ತಾರೆ. ಇವರು ಬ್ಯಾಗಿನ ಇನ್ನೊಂದು ಜಿಪ್ ಎಳೆದು, ಕಾಗದದ ಕವರಿನಿಂದ ಕಿತ್ತಳೆ ಬಣ್ಣದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ನನಗೆ ಕೆಲಸ ಒಪ್ಪಿಕೊಳ್ಳುವ ಮನಸ್ಸಾಗಿದ್ದು ಆಗಲೇ.

35 ಎಂಎಂ ನೆಗೆಟಿವನ್ನು 4000 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 5,600 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತೆ. ಗೋಡೆಗೆ ಹಾಕೋ ಫೋಟೋಗೆ ಧಾರಾಳವಾಗಿ ಸಾಕು. ಸ್ಕ್ರೀನಿನಲ್ಲಿ ಅವರು ನಿಧಾನಕ್ಕೆ ಮೂಡಿದರು. ಕುರ್ಚಿಯಲ್ಲಿ ಕೂತು ತಮ್ಮ ಎಡಕ್ಕೆ ತಿರುಗಿ ಜೋರಾಗಿ ನಗುತ್ತಾ ಇದ್ದಾರೆ. ಯಾರನ್ನು ನೋಡಿ ನಗ್ತಿದ್ದಾರೆ ಅಂತ ಕೇಳಿದೆ.

"ನಮ್ಮ ಭಾವನವರನ್ನ. ಆಮೇಲೆ ಅಣ್ಣತಮ್ಮಂದಿರ ಮಧ್ಯೆ ಮಾತು ನಿಂತಿತು," ಅಂದರು ವಿಮಲಮ್ಮ. "ಈ ಫೋಟೋದಲ್ಲಿ ನನ್ನನ್ನ ನೋಡಿ ನಗಲಿ."

ಸುಲಭದ ದಾರಿ ಅಂದ್ರೆ ಇದ್ದ ಗುಂಪು ಫೋಟೋ ಒಳಗೆ ಅವರನ್ನು ತುರುಕೋದು, ನೋಟ ಆ ಕಡೆ ಹೋದರೆ ಕನ್ನಡಿಯ ಹಾಗೆ ತಿರುಗಿಸೋದು. ತಿರುಗಿಸಿದರೆ ಎಡಕ್ಕಿದ್ದ ಬೈತಲೆ ಬಲಕ್ಕೆ ಹೋಗುತ್ತೆ, ಅಂಗಿ ಗುಂಡಿ ಅದಲುಬದಲಾಗುತ್ತೆ. ಹೊರಗಿನವರಿಗೆ ಗೊತ್ತಾಗಲ್ಲ. ಹತ್ತೊಂಬತ್ತು ವರ್ಷ ಆ ಮುಖ ನೋಡಿದವರಿಗೆ ಒಂದೇ ಕ್ಷಣದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತೆ. ಅದಕ್ಕೆ ನಾನು ಉಲ್ಟಾ ಯೋಚಿಸಿದೆ. ಹೋದವರನ್ನು ಬದಲಿಸೋಕೆ ಆಗಲ್ಲ, ಇರೋರನ್ನು ಅವರಿಗೆ ಹೊಂದಿಸಿ ಕೂರಿಸೋಣ ಅಂತ. ಅವರ ಮೂಗಿನ ಕೆಳಗಿನ ನೆರಳು ಎತ್ತ ಬಿದ್ದಿದೆ ನೋಡಿದೆ. ಕಣ್ಣೊಳಗೆ ಕಿಟಕಿಯ ಬಿಳಿ ಚುಕ್ಕಿ ಇತ್ತು, ಬೆಳಕು ಫ್ಲ್ಯಾಶಿನದ್ದಲ್ಲ ಅಂತ ಗ್ಯಾರಂಟಿ ಆಯ್ತು. ಕ್ಯಾಮೆರಾ ಕೂತವರ ಎದೆಮಟ್ಟದಲ್ಲಿತ್ತು.

ಇಷ್ಟು ಹೊತ್ತಿಗೆ ಮಗ ನನ್ನನ್ನು ಪಕ್ಕಕ್ಕೆ ಕರೆದರು.

"ಸರ್, ಒಂದು ಮಾತು. ಅಪ್ಪ ಈ ಫೋಟೋದಲ್ಲಿ ನಲವತ್ತನಾಲ್ಕು. ನನಗೀಗ ನಲವತ್ತೊಂಬತ್ತು. ಅಮ್ಮನಿಗೆ ಎಪ್ಪತ್ತೆರಡು. ನೋಡಿದವರು ಅಮ್ಮನ ಪಕ್ಕ ಕೂತಿರೋದು ನನ್ನ ತಮ್ಮ ಅಂದುಕೊಳ್ತಾರೆ. ಸ್ವಲ್ಪ ವಯಸ್ಸು ಮಾಡಿ. ಕೂದಲು ಬೆಳ್ಳಗೆ, ಕೆನ್ನೆ ಸ್ವಲ್ಪ ಇಳಿಸಿ. ಆಗುತ್ತಲ್ವಾ?"

ಆಗುತ್ತೆ. ನಾನೂ ಮನಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕ್ತಿದ್ದೆ. ಬಾಗಿಲು ತೆರೆದಿತ್ತು, ವಿಮಲಮ್ಮನಿಗೆ ಕೇಳಿಸಿತು.

"ಅವರು ಮುದುಕರಾಗಿದ್ದನ್ನ ನಾನೇ ನೋಡಿಲ್ಲ," ಅಂದರು. "ನೀವೆಲ್ಲಿ ನೋಡಿದ್ರಿ?"

ಇದಕ್ಕೆ ನಾನೇನು ಹೇಳಲಿ? ಮಗನೂ ಏನೂ ಹೇಳಲಿಲ್ಲ. ಆದ್ರೆ ಒಂದು ಷರತ್ತು ಹಾಕಿದರು, ಅಪ್ಪ ಇಲ್ಲದ ಪ್ರಿಂಟ್ ಕೂಡ ಬೇಕು, ತಮ್ಮ ಮನೆಗೆ.

ಫೋಟೋ ತೆಗೆದ ದಿನ ಕಿಟಕಿ ಬೆಳಕು ಹಳೇ ಚಿತ್ರದಲ್ಲಿ ಬಂದಿದ್ದ ಕಡೆಯಿಂದಲೇ ಬರುವ ಹಾಗೆ ಕುರ್ಚಿ ಜೋಡಿಸಿದೆ. ನಡುವಿನ ಕುರ್ಚಿ ಖಾಲಿ. ಭಾವ ಕೂತಿದ್ದ ಕಡೆಗೆ ವಿಮಲಮ್ಮ. ಖಾಲಿ ಕುರ್ಚಿ ಇಟ್ಟಿದ್ದು ಭಾವುಕತೆಗಲ್ಲ, ನೆರಳಿಗೆ. ಕುರ್ಚಿ ಬೆನ್ನಿನ ನೆರಳು ನಿಜವಾಗಿ ಬಿದ್ದಿದ್ರೆ ಆಮೇಲೆ ನಾನು ಸುಳ್ಳು ನೆರಳು ಬರೆಯೋದು ಕಡಿಮೆಯಾಗುತ್ತೆ. ಮೊಮ್ಮಗ ಒಬ್ಬ ಆ ಕುರ್ಚಿ ಮೇಲೆ ಹತ್ತಲು ಹೋದ. ಎಲ್ಲರೂ ಒಟ್ಟಿಗೆ "ಏಯ್" ಅಂದರು. ವಿಮಲಮ್ಮ ಮಾತ್ರ, "ಕೂತ್ಕೊಳ್ಲಿ ಬಿಡಿ, ಅವರಿನ್ನೂ ಬಂದಿಲ್ಲವಲ್ಲ" ಅಂದರು. ಮಗಳು ಪಕ್ಕನೆ ನಕ್ಕು, ನಕ್ಕಿದ್ದಕ್ಕೆ ಅಣ್ಣನ ಮುಖ ನೋಡಿದರು.

ಆಮೇಲೆ ಮಗಳು ನನ್ನ ಹತ್ತಿರ ಬಂದು ಒಂದು ಆಸೆ ಹೇಳಿದರು. ಅಪ್ಪನ ಕೈ ಅಮ್ಮನ ಹೆಗಲ ಮೇಲೆ ಇರಬೇಕು, ಅಮ್ಮನಿಗೆ ಹೇಳಬೇಡಿ, ನೋಡಿ ಖುಷಿ ಪಡಲಿ. ಹಳೇ ಚಿತ್ರದಲ್ಲಿ ಎಡಗೈ ಪೂರ್ತಿ ಕಾಣಲ್ಲ, ಅಂಚಿನಲ್ಲಿ ಕತ್ತರಿಸಿ ಹೋಗಿದೆ. ಅದಕ್ಕೆ ವಿಮಲಮ್ಮ ಸುಸ್ತಾಗಿ ಒಳಗೆ ಹೋದಾಗ ಮಗಳನ್ನೇ ಅಮ್ಮನ ಜಾಗದಲ್ಲಿ ಕೂರಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿ, ಅವರ ಕೈ ಹೆಗಲ ಮೇಲೆ ಇಡಿಸಿ ತೆಗೆದೆ. ಮಗ ಗೊಣಗುತ್ತಲೇ ಇಟ್ಟರು.

ಕಂಪ್ಯೂಟರ್ ಮುಂದಿನ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಕೂದಲಿನ ಅಂಚನ್ನು ಹಿನ್ನೆಲೆಯಿಂದ ಬಿಡಿಸುವ ಮಾಸ್ಕ್‌ಗೇ ಅರ್ಧ ಜೀವ ಹೋಗುತ್ತೆ. ಇನ್ನೊಂದು, ಫಿಲ್ಮಿನಲ್ಲಿ ಮರಳಿನ ಹಾಗೆ ಸಣ್ಣ ಸಣ್ಣ ಕಾಳು, ಅಂದ್ರೆ ಗ್ರೇನ್ ಇರುತ್ತೆ, ಡಿಜಿಟಲ್ ಚಿತ್ರ ನುಣ್ಣಗಿರುತ್ತೆ. ಜಾಸ್ತಿ ಜನ ಹಳೆಯವರನ್ನು ನುಣ್ಣಗೆ ಮಾಡಿ ಮೇಣದ ಗೊಂಬೆ ಮಾಡಿಬಿಡುತ್ತಾರೆ. ನಾನು ಇಡೀ ಫೋಟೋಗೆ ಗ್ರೇನ್ ಹಾಕಿದೆ. ಬದುಕಿರೋರೇ ಸ್ವಲ್ಪ ಹಳಬರಾಗಲಿ.

ತೋರಿಸಿದ ದಿನ ವಿಮಲಮ್ಮ ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು. ಗಂಡನ ಮುಖ ನೋಡಿ ಏನೂ ಅನ್ನಲಿಲ್ಲ. ಆಮೇಲೆ ಸ್ಕ್ರೀನಿನ ಹತ್ತಿರ ಬಂದು ಹೆಗಲಿನ ಜಾಗಕ್ಕೆ ಬೆರಳಿಟ್ಟರು.

"ಇದು ಇವನ ಕೈ."

ಮಗ ತಮ್ಮ ಕೈ ಜೇಬಿಗೆ ಹಾಕಿಕೊಂಡರು.

"ಅಮ್ಮ, ನಾನೇ ಹೇಳಿದ್ದು," ಅಂದರು ಮಗಳು. "ನಿನಗೆ ಇಷ್ಟ ಆಗುತ್ತೆ ಅಂತ."

"ನಾಲ್ಕು ಜನರ ಎದುರು ಅವರು ಯಾವತ್ತು ಕಣೇ ನನ್ನ ಹೆಗಲ ಮೇಲೆ ಕೈ ಹಾಕಿದ್ರು? ಪಕ್ಕದಲ್ಲಿ ಕೂರೋಕೂ ನಾಚಿಕೆ ಅವರಿಗೆ." ನನ್ನ ಕಡೆ ತಿರುಗಿದರು. "ಕೈ ತೆಗೀರಿ. ಇನ್ನೂ ಸ್ವಲ್ಪ ಆಚೆ ಸರಿಸಿ. ಹಾಂ, ಇನ್ನೂ. ಸಾಕು."

ಈಗ ಇಬ್ಬರ ನಡುವೆ ಮೂರು ನಾಲ್ಕು ಬೆರಳಿನಷ್ಟು ಜಾಗ. ನನ್ನ ಕಸುಬಿನ ಕಣ್ಣಿಗೆ ಅದು ಚೂರು ಬಿಟ್ಟುಹೋದ ಹಾಗೆಯೇ ಕಾಣುತ್ತಿತ್ತು. ಬೇರೆ ಯಾರೇ ಆಗಿದ್ರೂ ಹತ್ತಿರ ತರೋಣ ಅಂತಿದ್ದೆ. ಇಲ್ಲಿ ಬಾಯಿ ಮುಚ್ಚಿಕೊಂಡು ಸೇವ್ ಮಾಡಿದೆ.

ಮಗನಿಗೆ ಅವರು ಕೇಳಿದ್ದ ಪ್ರಿಂಟೇ ಕೊಟ್ಟೆ. ಅದರಲ್ಲಿ ಕುರ್ಚಿಯನ್ನೂ ಅಳಿಸಿ ಎಲ್ಲರನ್ನೂ ಹತ್ತಿರ ತಂದಿದ್ದೆ. ವಿಮಲಮ್ಮ ಅದಕ್ಕೆ ಬೇಡ ಅನ್ನಲಿಲ್ಲ, "ಅವನಿಗೆ ಅದೇ ಸರಿ" ಅಂದರು. ಹೊರಡುವ ಮುಂಚೆ ಮಗ ಅಮ್ಮನ ಪ್ರಿಂಟನ್ನು ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿದರು.

"ಅಪ್ಪನಿಗೆ ನನಗಿಂತ ಜಾಸ್ತಿ ಕೂದಲಿದೆ. ಇದನ್ನೂ ನೀವೇ ಸೇರಿಸಿದ್ರಾ?"

"ಇಲ್ಲ ಸರ್, ಅದು ನೆಗೆಟಿವ್‌ನಲ್ಲೇ ಇತ್ತು."

"ಅವರದ್ದು ಇದ್ದ ಹಾಗೇ ಇದೆ," ಅಂದರು ವಿಮಲಮ್ಮ, ಕವರನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾ. "ಹೋಗಿರೋದು ನಿಂದು."