ಬೀದಿನಾಯಿಗಳು ಮತ್ತು ಸಂತಾನಹರಣ: ಪಟ್ಟಣದ ನಿವಾಸಿಗಳಿಗೆ ಸಮೀಕ್ಷಾ ಪ್ರಶ್ನಾವಳಿ

ಮನೆ ಮನೆಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು. ಒಬ್ಬರಿಗೆ ಸುಮಾರು 25 ನಿಮಿಷ ಹಿಡಿಯುತ್ತದೆ.

ಸಮೀಕ್ಷೆಗೆ ಹೋಗುವವರು ಮೊದಲು ಓದಿಕೊಳ್ಳಬೇಕಾದದ್ದು

ಬೀದಿಯ ಮೊದಲ ಮನೆಯಿಂದ ಎಣಿಸಿ, ಪ್ರತಿ 7ನೇ ಮನೆಗೆ ಹೋಗಿ. ಬೀಗ ಹಾಕಿದ್ದರೆ ಸಂಜೆ ಇನ್ನೊಮ್ಮೆ ಹೋಗಿ. ಆಗಲೂ ಯಾರೂ ಸಿಗದಿದ್ದರೆ ಮಾತ್ರ ಪಕ್ಕದ ಮನೆ. 18 ವರ್ಷ ತುಂಬಿದವರಲ್ಲಿ ಯಾರ ಹುಟ್ಟಿದ ದಿನ ಮುಂದೆ ಎಲ್ಲರಿಗಿಂತ ಮೊದಲು ಬರುತ್ತದೋ ಅವರನ್ನೇ ಕೇಳಬೇಕು. ಬಾಗಿಲು ತೆರೆದವರನ್ನೇ ಕೇಳುತ್ತ ಹೋದರೆ ಹಗಲು ಹೊತ್ತು ಮನೆಯಲ್ಲಿರುವವರ ಮಾತಷ್ಟೇ ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ನಡೆದು ಬರುವವರಿಗೂ ನಾಯಿಗಳಿಗೂ ಇರುವ ಸಂಬಂಧವೇ ಬೇರೆ.

ಪ್ರಶ್ನೆಗಳ ಕ್ರಮ ಬದಲಿಸಬೇಡಿ. ಕಂಡದ್ದು ಮೊದಲು, ತಿಳಿದದ್ದು ಆಮೇಲೆ, ಅನಿಸಿದ್ದು ಕೊನೆಗೆ. ಮೊದಲೇ ಅಭಿಪ್ರಾಯ ಕೇಳಿದರೆ ಜನ ಆ ಅಭಿಪ್ರಾಯಕ್ಕೆ ಹೊಂದುವ ಅನುಭವವನ್ನೇ ನೆನಪಿಸಿಕೊಳ್ಳುತ್ತಾರೆ. ಯಾವ ಉತ್ತರಕ್ಕೂ "ಅಯ್ಯೋ" ಎನ್ನಬೇಡಿ, ತಲೆಯಾಡಿಸಿ ಒಪ್ಪಿಗೆಯನ್ನೂ ತೋರಿಸಬೇಡಿ. ನೀವು ನಾಯಿ ಸಾಕಿದ್ದೀರಾ ಎಂದು ಅವರು ಕೇಳಿದರೆ, ಮಾತು ಮುಗಿದ ಮೇಲೆ ಹೇಳುತ್ತೇನೆ ಅನ್ನಿ.

ಓದಿ ಹೇಳಬೇಕಾದ ಮಾತು

"ನಮಸ್ಕಾರ. ನಮ್ಮ ಪಟ್ಟಣದ ಬೀದಿನಾಯಿಗಳ ಬಗ್ಗೆ, ಅವುಗಳಿಗೆ ಮಾಡುವ ಸಂತಾನಹರಣ ಆಪರೇಷನ್ ಬಗ್ಗೆ ಜನ ಏನು ಯೋಚಿಸುತ್ತಾರೆ ಎಂದು ತಿಳಿಯಲು ಬಂದಿದ್ದೇವೆ. ನಾವು ನಾಯಿ ಹಿಡಿಯುವವರಲ್ಲ, ದೂರು ಬರೆದುಕೊಳ್ಳುವವರೂ ಅಲ್ಲ. ನಿಮ್ಮ ಹೆಸರು, ಮನೆ ನಂಬರು, ಫೋನ್ ನಂಬರು ಯಾವುದನ್ನೂ ಬರೆದುಕೊಳ್ಳುವುದಿಲ್ಲ. ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ, ನಡುವೆಯೇ ನಿಲ್ಲಿಸಿದರೂ ಬೇಸರವಿಲ್ಲ. ಶುರು ಮಾಡಬಹುದೇ?"

ಒಪ್ಪದಿದ್ದರೆ ಧನ್ಯವಾದ ಹೇಳಿ ಹೊರಡಿ. ಎರಡನೇ ಸಲ ಒತ್ತಾಯ ಬೇಡ.

ಭಾಗ 1. ನೀವು ಮತ್ತು ನಿಮ್ಮ ಮನೆ

1. ನಿಮ್ಮ ವಯಸ್ಸು? 18–29 / 30–44 / 45–59 / 60 ದಾಟಿದೆ

2. ಹೆಣ್ಣು / ಗಂಡು / ಇತರೆ / ಹೇಳಲು ಇಷ್ಟವಿಲ್ಲ

3. ಈ ಬೀದಿಗೆ ಬಂದು ಎಷ್ಟು ಕಾಲವಾಯಿತು? ವರ್ಷ ತುಂಬಿಲ್ಲ / 1–5 ವರ್ಷ / 5 ವರ್ಷಕ್ಕಿಂತ ಹೆಚ್ಚು

4. ಮನೆಯಲ್ಲಿ 15 ವರ್ಷದೊಳಗಿನ ಮಕ್ಕಳಿದ್ದಾರೆಯೇ? ಹೌದು / ಇಲ್ಲ
(ಈ ವಯಸ್ಸನ್ನೇ ಕೇಳಲು ಕಾರಣವಿದೆ: ಶಂಕಿತ ರೇಬೀಸ್ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 40 ಪ್ರತಿಶತ 15 ವರ್ಷದೊಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನು ಉತ್ತರಿಸುವವರಿಗೆ ಈಗ ಹೇಳಬೇಡಿ.)

5. ಬೆಳಗಿನ ಜಾವ ಅಥವಾ ರಾತ್ರಿ 9ರ ನಂತರ ನೀವು ಬೀದಿಯಲ್ಲಿ ನಡೆದು ಇಲ್ಲವೇ ದ್ವಿಚಕ್ರ ವಾಹನದಲ್ಲಿ ಓಡಾಡುತ್ತೀರಾ? ದಿನವೂ / ಆಗಾಗ / ಅಪರೂಪ / ಇಲ್ಲವೇ ಇಲ್ಲ

ಭಾಗ 2. ನಿಮ್ಮ ಬೀದಿಯ ನಾಯಿಗಳು

"ನಿಮ್ಮ ಬೀದಿ" ಅಂದರೆ ಮನೆಯ ಗೇಟಿನಲ್ಲಿ ನಿಂತರೆ ಎರಡೂ ಕಡೆ ಕಣ್ಣಿಗೆ ಕಾಣುವಷ್ಟು. ಹೀಗೆ ಹೇಳದಿದ್ದರೆ ಒಬ್ಬರು ಮೂರು ನಾಯಿ ಅನ್ನುತ್ತಾರೆ, ಪಕ್ಕದ ಮನೆಯವರು ಮೂವತ್ತು ಅನ್ನುತ್ತಾರೆ, ಇಬ್ಬರ ಮಾತೂ ನಿಜವೇ ಆಗಿರುತ್ತದೆ.

6. ದಿನವೂ ಕಾಣುವ ನಾಯಿಗಳು ಎಷ್ಟಿರಬಹುದು? ಒಂದೂ ಇಲ್ಲ / 1–3 / 4–8 / 8ಕ್ಕಿಂತ ಹೆಚ್ಚು

7. ಅವುಗಳಲ್ಲಿ ಯಾವುದಕ್ಕಾದರೂ ಬೀದಿಯವರು ಹೆಸರಿಟ್ಟು ಕರೆಯುತ್ತಾರೆಯೇ? ಹೌದು / ಇಲ್ಲ / ಗೊತ್ತಿಲ್ಲ
(ಸಣ್ಣ ಪ್ರಶ್ನೆಯೆಂದು ದಾಟಿಸಬೇಡಿ. ಹೆಸರಿರುವ ನಾಯಿಯ ಬಗ್ಗೆ ಮತ್ತು ಹೆಸರಿಲ್ಲದ ಹಿಂಡಿನ ಬಗ್ಗೆ ಒಬ್ಬರೇ ಎರಡು ಬಗೆಯ ಮಾತಾಡುತ್ತಾರೋ ಎಂಬುದನ್ನು ತಿಳಿಯುವುದೇ ಈ ಅಧ್ಯಯನದ ಮುಖ್ಯ ಉದ್ದೇಶ.)

8. ಕಳೆದ 6 ತಿಂಗಳಲ್ಲಿ ನಿಮ್ಮ ಬೀದಿಯಲ್ಲಿ ಯಾವುದಾದರೂ ನಾಯಿ ಮರಿ ಹಾಕಿತ್ತೇ? ಹಾಕಿದ್ದರೆ ಆ ಮರಿಗಳು ಏನಾದವು?
(ಆಯ್ಕೆಗಳನ್ನು ಓದಬೇಡಿ, ಅವರು ಹೇಳಿದ್ದಕ್ಕೆ ಗುರುತು ಹಾಕಿ. ಬದುಕಿವೆ / ವಾಹನಕ್ಕೆ ಸಿಕ್ಕವು / ಕಾಯಿಲೆಯಿಂದ ಸತ್ತವು / ಯಾರೋ ಸಾಕಲು ಒಯ್ದರು / ಯಾರೋ ಬೇರೆಡೆ ಬಿಟ್ಟುಬಂದರು / ಗೊತ್ತಿಲ್ಲ)

9. ಬೀದಿನಾಯಿಗಳಿಗೆ ನಿಮ್ಮ ಮನೆಯವರು ಊಟ ಹಾಕುತ್ತೀರಾ? ದಿನವೂ ಒಂದೇ ಜಾಗದಲ್ಲಿ / ಉಳಿದಾಗ ಮಾತ್ರ / ಇಲ್ಲ

10. ಕಸ ಎಲ್ಲಿ ಬೀಳುತ್ತದೆ? ಗಾಡಿಗೆ ಕೊಡುತ್ತೇವೆ / ಬೀದಿ ತುದಿಯಲ್ಲಿ ಗುಡ್ಡೆ ಬೀಳುತ್ತದೆ / ಎರಡೂ

11. ಇವುಗಳಲ್ಲಿ ನಿಮಗೆ ನಿಜಕ್ಕೂ ತೊಂದರೆ ಕೊಟ್ಟದ್ದು ಯಾವುದು? ಒಂದಕ್ಕಿಂತ ಹೆಚ್ಚು ಹೇಳಬಹುದು. ರಾತ್ರಿ ಬೊಗಳಾಟ / ಬೈಕಿನ ಹಿಂದೆ ಅಟ್ಟಿಸಿಕೊಂಡು ಬರುವುದು / ಬೆದೆಯ ಕಾಲದ ಜಗಳ, ಹಿಂಡು ಕೂಡುವುದು / ಮರಿ ಹಾಕಿದ ನಾಯಿ ಮೇಲೆರಗುವುದು / ಕಸ ಎಳೆದಾಡುವುದು / ಹೊಲಸು / ಯಾವುದೂ ಇಲ್ಲ

12. ಈ ನಾಯಿಗಳಿಂದ ಅನುಕೂಲವಾದದ್ದು ಏನಾದರೂ ಇದೆಯೇ? ಅವರ ಮಾತಿನಲ್ಲೇ ಬರೆದುಕೊಳ್ಳಿ.

ಭಾಗ 3. ಕಚ್ಚಿದ ಅನುಭವ

13. ಕಳೆದ 12 ತಿಂಗಳಲ್ಲಿ ನಿಮಗಾಗಲೀ ಮನೆಯಲ್ಲಿ ಬೇರೆ ಯಾರಿಗಾಗಲೀ ನಾಯಿ ಕಚ್ಚಿದೆಯೇ, ಪರಚಿ ಗಾಯ ಮಾಡಿದೆಯೇ? ಹೌದು / ಇಲ್ಲ (ಇಲ್ಲ ಎಂದರೆ 18ಕ್ಕೆ ಹೋಗಿ)

14. ಅದು ಎಂಥ ನಾಯಿ? ನಮ್ಮದೇ ಸಾಕುನಾಯಿ / ಬೇರೆಯವರ ಸಾಕುನಾಯಿ / ಪರಿಚಯದ ಬೀದಿನಾಯಿ / ಎಂದೂ ನೋಡಿರದ ನಾಯಿ
(ಎಲ್ಲ ಕಡಿತವೂ ಬೀದಿನಾಯಿಯದ್ದೇ ಎಂದು ನೀವಾಗಿಯೇ ಅಂದುಕೊಳ್ಳಬೇಡಿ.)

15. ಕಚ್ಚುವ ಮುಂಚೆ ಏನು ನಡೆಯುತ್ತಿತ್ತು? ಬಿಡಿಸಿ ಹೇಳಲಿ, ನಡುವೆ ಬಾಯಿ ಹಾಕಬೇಡಿ.

16. ಗಾಯಕ್ಕೆ ಮೊದಲು ಏನು ಮಾಡಿದಿರಿ? ಏನೂ ಇಲ್ಲ / ನೀರಿನಲ್ಲಿ ತೊಳೆದೆವು / ಸೋಪು ಹಾಕಿ ತುಂಬ ಹೊತ್ತು ತೊಳೆದೆವು / ಅರಿಶಿನ, ಖಾರದ ಪುಡಿ, ಸುಣ್ಣ ಮುಂತಾದವನ್ನು ಹಚ್ಚಿದೆವು / ಬಟ್ಟೆ ಕಟ್ಟಿದೆವು

17. ರೇಬೀಸ್ ಲಸಿಕೆ ಹಾಕಿಸಿದಿರಾ? ವೈದ್ಯರು ಹೇಳಿದ ಎಲ್ಲ ಸೂಜಿಯೂ ಆಯಿತು / ಶುರು ಮಾಡಿ ನಡುವೆ ಬಿಟ್ಟೆವು / ಹಾಕಿಸಲಿಲ್ಲ. ಬಿಟ್ಟಿದ್ದರೆ ಅಥವಾ ಹಾಕಿಸದಿದ್ದರೆ, ಕಾರಣ?

ಇಲ್ಲಿ ನಿಲ್ಲಿಸಬೇಕಾಗಬಹುದು. ಕಚ್ಚಿಯೂ ಲಸಿಕೆ ಹಾಕಿಸಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ತಿಳಿದರೆ ಸಮೀಕ್ಷೆ ಪಕ್ಕಕ್ಕಿಡಿ. ದಿನ ಎಷ್ಟೇ ಕಳೆದಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಲು ಹೇಳಿ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಪ್ರಶ್ನೆಗಳು ಅರ್ಧಕ್ಕೆ ನಿಂತರೂ ಆ ಮನೆಯ ಹಾಳೆಯನ್ನು ನಾವು ಸ್ವೀಕರಿಸುತ್ತೇವೆ.

ಭಾಗ 4. ಆಪರೇಷನ್ ಬಗ್ಗೆ ತಿಳಿದಿರುವುದು

ಇದು ಪರೀಕ್ಷೆಯಲ್ಲ ಎಂದು ನಗುನಗುತ್ತಾ ಹೇಳಿ. ತಪ್ಪನ್ನು ಇಲ್ಲಿ ತಿದ್ದಬೇಡಿ, ಕೊನೆಯಲ್ಲಿ ಅದಕ್ಕೆ ಜಾಗವಿದೆ.

18. ಬೀದಿನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡುತ್ತಾರೆ ಎಂದು ಕೇಳಿದ್ದೀರಾ? ಹೌದು / ಇಲ್ಲ

19. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ ಅಥವಾ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿದ ನಾಯಿ ನೋಡಿದ್ದೀರಾ? ಅದು ಹಾಗೇಕಿರಬಹುದು? (ಉತ್ತರವನ್ನು ಹಾಗೆಯೇ ಬರೆದುಕೊಳ್ಳಿ.)

20. ಈಗ ಓದುವ ಮಾತುಗಳಿಗೆ ನಿಜ / ಸುಳ್ಳು / ಗೊತ್ತಿಲ್ಲ ಎನ್ನಿ.
ಅ. ಆಪರೇಷನ್ ಆದ ನಾಯಿಗೆ ರೇಬೀಸ್ ಬರುವುದಿಲ್ಲ.
ಆ. ಆಪರೇಷನ್ ಹೆಣ್ಣು ನಾಯಿಗೆ ಮಾತ್ರ ಮಾಡುತ್ತಾರೆ.
ಇ. ಹೆಣ್ಣು ನಾಯಿ ಒಂದೇ ವರ್ಷದಲ್ಲಿ ಎರಡು ಸಲ ಮರಿ ಹಾಕಬಹುದು.
ಈ. ಒಂದು ಸಲವಾದರೂ ಮರಿ ಹಾಕಿದ ಮೇಲೇ ಆಪರೇಷನ್ ಮಾಡಿಸಬೇಕು.
ಉ. ಆಪರೇಷನ್ ಆದರೆ ನಾಯಿ ಬೀದಿ ಕಾಯುವುದನ್ನು ಬಿಡುತ್ತದೆ.
ಊ. ಕಚ್ಚಿದ ನಾಯಿ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ಆಸ್ಪತ್ರೆಗೆ ಹೋಗಬೇಕಿಲ್ಲ.

ಭಾಗ 5. ನಿಮಗೇನನಿಸುತ್ತದೆ

ಪೂರ್ತಿ ಒಪ್ಪುತ್ತೇನೆ / ಒಪ್ಪುತ್ತೇನೆ / ಎರಡೂ ಅಲ್ಲ / ಒಪ್ಪುವುದಿಲ್ಲ / ಸ್ವಲ್ಪವೂ ಒಪ್ಪುವುದಿಲ್ಲ. ಒಂದು ಮನೆಯಲ್ಲಿ ಮೇಲಿನಿಂದ ಕೆಳಗೆ ಓದಿದರೆ ಮುಂದಿನ ಮನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಓದಿ.

21. ಬೀದಿಯಲ್ಲಿ ನಾಯಿಗಳಿರುವುದು ಸಹಜ. ಸಂಖ್ಯೆ ಹತೋಟಿಯಲ್ಲಿದ್ದರೆ ಸಾಕು.
22. ಎಲ್ಲ ನಾಯಿಗಳನ್ನೂ ಊರಿನಿಂದ ಹೊರಗೆ ಸಾಗಿಸಬೇಕು.
23. ನಾಯಿಗೆ ಸಂತಾನಹರಣ ಮಾಡುವುದು ಪ್ರಕೃತಿಗೆ ವಿರುದ್ಧ.
24. ಆಪರೇಷನ್ ಆದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡುವುದು ಸರಿ.
25. ಊಟ ಹಾಕುವವರೇ ಆ ನಾಯಿಯ ಆಪರೇಷನ್ ಮತ್ತು ಲಸಿಕೆಗೆ ಓಡಾಡಬೇಕು.
26. ಇದು ಪುರಸಭೆಯ ಕೆಲಸ, ನಮ್ಮದಲ್ಲ.

ಭಾಗ 6. ನೀವಾಗಿದ್ದರೆ?

ನಿಧಾನವಾಗಿ, ಕಥೆ ಹೇಳುವಂತೆ ಓದಿ. ಉತ್ತರ ಬಂದ ಮೇಲೆ "ಯಾಕೆ?" ಎಂದು ಒಮ್ಮೆ ಮಾತ್ರ ಕೇಳಿ.

27. ನಿಮ್ಮ ಗೇಟಿನ ಪಕ್ಕದ ಚರಂಡಿಯ ಬಳಿ ಒಂದು ನಾಯಿ ಆರು ಮರಿ ಹಾಕಿದೆ. ಹತ್ತಿರ ಹೋದವರಿಗೆಲ್ಲ ಗುರ್ ಎನ್ನುತ್ತದೆ. ಪಕ್ಕದ ಮನೆಯವರು ಮರಿಗಳನ್ನು ಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬರೋಣ ಅನ್ನುತ್ತಾರೆ. ನೀವೇನು ಹೇಳುತ್ತೀರಿ?

28. ನಾಯಿ ಹಿಡಿಯುವ ಗಾಡಿ ಬಂದಿದೆ. ನಿಮ್ಮ ಬೀದಿಯ ಪರಿಚಯದ ನಾಯಿ ಅವರ ಬಲೆಗೆ ಸಿಗುತ್ತಿಲ್ಲ, ಆದರೆ ನೀವು ಕರೆದರೆ ಬರುತ್ತದೆ. ಕರೆಯುತ್ತೀರಾ? ಅದನ್ನು ವಾಪಸು ತಂದು ಬಿಡುತ್ತಾರೆ ಎಂಬ ನಂಬಿಕೆ ನಿಮಗಿದೆಯೇ?

29. ಕಿವಿಗೆ ಗುರುತಿರುವ, ಅಂದರೆ ಆಪರೇಷನ್ ಆದ ನಾಯಿಯೇ ಒಬ್ಬ ಹುಡುಗನಿಗೆ ಕಚ್ಚಿದೆ. ಬೀದಿಯವರು ಸೇರಿದ್ದಾರೆ. ಒಬ್ಬರು "ಆಪರೇಷನ್ ಎಲ್ಲ ದಂಡ" ಅನ್ನುತ್ತಾರೆ, ಇನ್ನೊಬ್ಬರು "ಹುಡುಗ ಕಲ್ಲು ಹೊಡೆದಿರಬೇಕು" ಅನ್ನುತ್ತಾರೆ. ನೀವು ಯಾರ ಕಡೆ? ಇಬ್ಬರ ಕಡೆಯೂ ಅಲ್ಲವೇ?

30. ಆಪರೇಷನ್ ಮತ್ತು ಆರೈಕೆ ಕೇಂದ್ರಕ್ಕೆ ನಿಮ್ಮ ಬೀದಿಯ ಖಾಲಿ ಜಾಗವೇ ಸರಿ ಎಂದು ಗೊತ್ತಾಗಿದೆ. ಒಪ್ಪುತ್ತೀರಾ? ಎರಡು ಬೀದಿ ಆಚೆಗಾದರೆ?

ಭಾಗ 7. ಮನೆಯ ನಾಯಿ (ಸಾಕಿದವರಿಗೆ ಮಾತ್ರ)

31. ಆಪರೇಷನ್ ಆಗಿದೆಯೇ? ಈ ವರ್ಷದ ರೇಬೀಸ್ ಲಸಿಕೆ ಹಾಕಿಸಿದ್ದೀರಾ?
32. ಹಗಲಾಗಲೀ ರಾತ್ರಿಯಾಗಲೀ ಬೀದಿಗೆ ಬಿಡುತ್ತೀರಾ? ಅದರ ಮರಿಗಳು ಎಲ್ಲಿಗೆ ಹೋದವು?

ಭಾಗ 8. ಕೊನೆಯ ಎರಡು ಪ್ರಶ್ನೆ

33. ನಿಮ್ಮ ಬೀದಿಯಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು ಎಂದರೆ ಯಾವುದನ್ನು ಮಾಡುತ್ತೀರಿ? (ಕಸದ ಮಾತು ಬಂದರೆ "ನಾಯಿ ಬಗ್ಗೆ ಹೇಳಿ" ಎಂದು ತಿರುಗಿಸಬೇಡಿ. ಅದೂ ಉತ್ತರವೇ.)
34. ನಾವು ಕೇಳಬೇಕಿತ್ತು, ಕೇಳಲಿಲ್ಲ ಎನ್ನಿಸಿದ್ದು ಇದೆಯೇ?

ಪುಸ್ತಕ ಮುಚ್ಚಿದ ಮೇಲೆ ಹೇಳಬೇಕಾದದ್ದು

20ನೇ ಪ್ರಶ್ನೆಯ ಉತ್ತರಗಳನ್ನು ಕೇಳಲು ಅವರಿಗೆ ಇಷ್ಟವಿದ್ದರೆ ಹೇಳಿ. "ಇ" ಒಂದೇ ನಿಜ, ಉಳಿದವೆಲ್ಲ ಸುಳ್ಳು. ನಾಯಿಯ ಗರ್ಭ ಸುಮಾರು 63 ದಿನ; ಆದ್ದರಿಂದಲೇ ವರ್ಷಕ್ಕೆ ಎರಡು ಸಲ ಸಾಧ್ಯ. ಆಪರೇಷನ್ ಗಂಡಿಗೂ ಮಾಡುತ್ತಾರೆ, ಹೆಣ್ಣಿಗೂ ಮಾಡುತ್ತಾರೆ. ಮೊದಲು ಮರಿ ಹಾಕಲೇಬೇಕೆಂದಿಲ್ಲ. ತನ್ನ ಜಾಗ ಕಾಯುವ ಸ್ವಭಾವ ಆಪರೇಷನ್ನಿನಿಂದ ಹೋಗುವುದಿಲ್ಲ. ಆಪರೇಷನ್ ಮರಿಯನ್ನು ತಡೆಯುತ್ತದೆ, ರೇಬೀಸನ್ನು ತಡೆಯುವುದು ಲಸಿಕೆ. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ಒಂದು ಪ್ರದೇಶದ 70 ಪ್ರತಿಶತ ನಾಯಿಗಳಿಗೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ. ಇನ್ನು ಕಡಿತದ ವಿಷಯ: ಯಾವ ನಾಯಿ ಕಚ್ಚಿದರೂ ಗಾಯವನ್ನು ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ನಾಯಿಗೆ ಏನಾಗುತ್ತದೆ ನೋಡೋಣ ಎಂದು ಕಾಯಬಾರದು.

"ಹಾಗಾದರೆ ನಾಯಿಗಳನ್ನು ಯಾವಾಗ ಹಿಡಿಯುತ್ತೀರಿ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಹಿಡಿಯುವುದು ನಮ್ಮ ಕೆಲಸವಲ್ಲ ಎಂದು ಇನ್ನೊಮ್ಮೆ ತಿಳಿಸಿ. ಆಗದ ಮಾತು ಕೊಟ್ಟು ಬರಬೇಡಿ.

ಸಮೀಕ್ಷಕರು ಗೇಟಿನ ಹೊರಗೆ ಬಂದು ತುಂಬಬೇಕಾದದ್ದು

ಬೀದಿಯಲ್ಲಿ ನೀವೇ ಕಂಡ ನಾಯಿಗಳ ಸಂಖ್ಯೆ. ಅವುಗಳಲ್ಲಿ ಕಿವಿಗೆ ಗುರುತಿದ್ದವು ಎಷ್ಟು. ಹಾಲೂಡುವ ನಾಯಿ ಇತ್ತೇ. ಬಯಲಲ್ಲಿ ಬಿದ್ದ ಕಸ ಇತ್ತೇ. ಉತ್ತರಿಸುವಾಗ ಪಕ್ಕದಲ್ಲಿ ಬೇರೆಯವರು ನಿಂತು ಮಾತು ಸೇರಿಸುತ್ತಿದ್ದರೇ ಎಂಬುದನ್ನೂ ಬರೆಯಿರಿ, ಅದರಲ್ಲೂ 22 ಮತ್ತು 25ನೇ ಪ್ರಶ್ನೆಗಳ ಹೊತ್ತಿಗೆ.