ವಹಿವಾಟಿನ ದಿನಚರಿ, ಪುಟ 14: ETH/INR

ಪೊಸಿಷನ್: ಈಥರ್ ಎಂಬ ಕ್ರಿಪ್ಟೊ, ಸ್ಪಾಟ್ ಖರೀದಿ, ಲಿವರೇಜ್ ಇಲ್ಲ. ಮಂಗಳವಾರ ರಾತ್ರಿ 9.40, ಸಂತೆಕಟ್ಟೆಯ ಮನೆಯಲ್ಲಿ. ಎಂಟ್ರಿ ₹2,50,000. ಪ್ರಮಾಣ 0.2 ETH, ಅಂದರೆ ₹50,000.

ಕಾರಣ (ಖರೀದಿಗೆ ಮೊದಲೇ ಬರೆದದ್ದು): ದಿನದ ಚಾರ್ಟಿನಲ್ಲಿ ₹2,43,000ದ ಆಸುಪಾಸು ಬೆಲೆ ಮೂರು ಸಲ ಇಳಿದು, ಮೂರೂ ಸಲ ಅಲ್ಲಿಂದಲೇ ಎದ್ದಿದೆ. ಮೂರನೆಯ ಸಲ ವಾಲ್ಯೂಮ್ ಜಾಸ್ತಿ ಇತ್ತು. ₹2,40,000ದ ಕೆಳಗೆ ಹೋದರೆ ನನ್ನ ಲೆಕ್ಕ ತಪ್ಪು.

ಇನ್ನೊಂದು ಕಾರಣವನ್ನು ಆಮೇಲೆ ಸೇರಿಸುತ್ತಿದ್ದೇನೆ: ಮಧ್ಯಾಹ್ನ ಊಟಕ್ಕೆ ಬಂದಿದ್ದ ಭಾವ ತಾವೂ ಈಥರ್ ತೆಗೆದುಕೊಂಡದ್ದಾಗಿ ಹೇಳಿದ್ದರು. ಚಾರ್ಟ್ ತೆರೆದದ್ದೇ ಆ ಮಾತಿನ ನಂತರ.

ರಿಸ್ಕ್: ಬಂಡವಾಳ ₹2,00,000, ಒಂದು ಪೊಸಿಷನ್‌ಗೆ 1% ಮಾತ್ರ, ₹2,000. ಸ್ಟಾಪ್‌ಲಾಸ್ ₹2,40,000, ಬೆಲೆ ಅಲ್ಲಿಗೆ ಇಳಿದರೆ ತಾನಾಗಿಯೇ ಮಾರಾಟ. ಟಾರ್ಗೆಟ್ ₹2,70,000. ಕಳೆದರೆ 2,000, ಬಂದರೆ 4,000.

ಫಲಿತಾಂಶ: ಶನಿವಾರ ₹2,36,000ಕ್ಕೆ ಮಾರಿದೆ. ನಷ್ಟ ₹2,800, ಶುಲ್ಕ ಬೇರೆ. ₹47,200ರ ಮಾರಾಟದಲ್ಲಿ 1% ಟಿಡಿಎಸ್ ₹472 ಕಡಿತ. ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಸಿಗುವುದರಿಂದ ಅದನ್ನು ನಷ್ಟಕ್ಕೆ ಸೇರಿಸಿಲ್ಲ. ಪುಟ 12ರ ಸೊಲಾನಾ ಲಾಭ ₹6,000ದಿಂದ ಈ ನಷ್ಟವನ್ನು ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಪೂರ್ತಿ 6,000ಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್: ₹1,872. ಎರಡೂ ಪುಟ ಸೇರಿ, ಶುಲ್ಕ ಕಳೆಯುವ ಮೊದಲು, ಕೈಯಲ್ಲಿ ಉಳಿಯುವುದು ₹1,328.

ಯೋಜನೆಯಂತೆ ನಡೆದೆನೇ? ಇಲ್ಲ. ಶುಕ್ರವಾರ ಸ್ಟಾಪ್‌ಲಾಸನ್ನು ₹2,30,000ಕ್ಕೆ ಇಳಿಸಿದೆ.

ಮನಸ್ಥಿತಿ
ಖರೀದಿಗೆ ಮೊದಲು: ಆತುರ, 5ರಲ್ಲಿ 4. ಭಾವನಿಗೆ ಲಾಭವಾಗಿ ನನಗೆ ಆಗದಿದ್ದರೆ ಎಂಬ ಹೊಟ್ಟೆಯುರಿ. ಅವರು ನನಗೆ ಒಳ್ಳೆಯದನ್ನೇ ಬಯಸುವವರು, ಹಾಗಾಗಿ ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ನಡುವೆ: ಶುಕ್ರವಾರ ಸಂಜೆ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ, ಜೋರು ಮಳೆ. ಸುರತ್ಕಲ್ ದಾಟುವಾಗ ಬೆಲೆ ₹2,41,000. ಎದೆ ಹೊಡೆದುಕೊಳ್ಳುತ್ತಿತ್ತು. "ಮೂರು ಸಲ ಎದ್ದಿದೆ, ನಾಲ್ಕನೆಯ ಸಲವೂ ಏಳುತ್ತದೆ" ಎಂದುಕೊಂಡು ಸ್ಟಾಪ್ ಇಳಿಸಿದೆ. ಪಡುಬಿದ್ರಿ ಬರುವಷ್ಟರಲ್ಲಿ 2,40,000 ಮುರಿದಿತ್ತು. ಆ ಹೊತ್ತಿನಲ್ಲಿ ಚಾರ್ಟ್ ನೋಡಲೇ ಇಲ್ಲ, ಬೆಲೆಯನ್ನಷ್ಟೇ ನೋಡುತ್ತಿದ್ದೆ. ರಾತ್ರಿ ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಕೇಳಿಸಲಿಲ್ಲ.

ಮಾರಿದ ಮೇಲೆ: ಮೊದಲು ಹಗುರ, ಹತ್ತು ನಿಮಿಷದಲ್ಲಿ ಸಿಟ್ಟು. ಕಳೆದದ್ದನ್ನು ಈಗಲೇ ವಾಪಸ್ ತೆಗೆಯಬೇಕೆಂಬ ಹಟ. ₹80,000ಕ್ಕೆ ಆರ್ಡರ್ ಟೈಪ್ ಮಾಡಿ ಅಳಿಸಿದೆ. ಈ ಪುಟದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ.

ಪುಟ 15ಕ್ಕೆ ಷರತ್ತು: ಸೋಮವಾರ ರಾತ್ರಿಯವರೆಗೆ ಖರೀದಿ ಇಲ್ಲ. ಸ್ಟಾಪ್ ಮೇಲಕ್ಕೆ ಮಾತ್ರ ಸರಿಸಬಹುದು. ಮೊಬೈಲಿನಿಂದ ಆ್ಯಪ್ ತೆಗೆದಿದ್ದೇನೆ, ಲ್ಯಾಪ್‌ಟಾಪಿನಲ್ಲಷ್ಟೇ ಇದೆ. ಭಾವನಿಗೆ ಫೋನ್ ಮಾಡಿ, ನಾನು ಮಾರಿದ ಮೇಲೆ ಮಾತ್ರ ಈ ವಿಷಯ ಮಾತಾಡೋಣ ಎಂದು ಕೇಳಿಕೊಂಡೆ, ಒಪ್ಪಿದರು.