ಮಳೆಗೆ ಮುಂಚೆ ಟೆರೇಸ್ ಹತ್ತಿ ನೋಡೋಣ ಬನ್ನಿ

ಎಲ್ಲರಿಗೂ ನಮಸ್ಕಾರ. ಜೂನ್ ಹತ್ತಿರ ಬಂತು. ಒಂದು ಸಣ್ಣ ಲೆಕ್ಕ: ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಟೆರೇಸ್ 400 ಚದರ ಮೀಟರ್. ಒಂದು ಸಂಜೆ 20 ಮಿ.ಮೀ. ಸುರಿದರೆ 8,000 ಲೀಟರ್! ಅಲ್ಲಿ ಇಲ್ಲಿ ಹೋದದ್ದು ಕಳೆದರೂ 6,000 ಲೀಟರಿನ ಒಂದು ಟ್ಯಾಂಕರ್ ಉಳಿಯಿತು, ಅಲ್ವಾ?

ಭಾನುವಾರ ಬೆಳಿಗ್ಗೆ 8ಕ್ಕೆ ಟೆರೇಸ್ ಗುಡಿಸೋಣ. ಮಳೆನೀರನ್ನು ಸಂಪಿನೊಳಗೆ ಇಳಿಸುವ ಪೈಪಿನ ಬಾಯಿಯ ಜಾಲರಿ ತುಂಬ ಎಲೆ, ಪಾರಿವಾಳದ ಪುಕ್ಕ. ಹೂಕುಂಡಗಳನ್ನು ಅಲ್ಲಿಂದ ದೂರ ಇಡಿ.

ಮೊದಲ ಮಳೆಯ ನೀರು ಸಂಪಿನೊಳಗೆ ಬೇಡ. ಧೂಳು, ಹಿಕ್ಕೆ ಎಲ್ಲ ಅದರಲ್ಲೇ ಜಾಸ್ತಿ. ಹತ್ತು ನಿಮಿಷ ವಾಲ್ವ್ ತೆರೆದು ಹೊರಗೆ ಬಿಡಿ, ಆಮೇಲೆ ಮುಚ್ಚಿ. ಫಿಲ್ಟರಿನ ಮರಳು, ಜಲ್ಲಿಯನ್ನೂ ತೊಳೆಯಬೇಕು. ಹೋದ ವರ್ಷ ಮರೆತೆವು, ನೀರು ಉಕ್ಕಿ ಪಾರ್ಕಿಂಗ್‌ಗೆ ನುಗ್ಗಿತು.

ಸಂಪು ತುಂಬಿ ಮಿಕ್ಕಿದ್ದು ಇಂಗುಬಾವಿಗೆ ಹೋಗುತ್ತದೆ. ಕಾರು ತೊಳೆದ ನೀರನ್ನು ದಯವಿಟ್ಟು ಅಲ್ಲಿಗೆ ಬಿಡಬೇಡಿ. ಸೋಪು, ಎಣ್ಣೆ ಸುಮ್ನೆ ನಮ್ಮ ಬೋರ್‌ವೆಲ್ಲಿಗೇ ಇಳಿಯುತ್ತದೆ.

ಸಂಪಿನ ಮಳೆನೀರು ಗಿಡಕ್ಕೆ, ನೆಲ ಒರೆಸಲು, ಟಾಯ್ಲೆಟ್‌ಗೆ. ಕುಡಿಯಲು ಅಲ್ಲ. ಸಂಪಿನ ಮುಚ್ಚಳ ಬಿಗಿಯಾಗಿರಲಿ, ಸೊಳ್ಳೆ ಮೊಟ್ಟೆ ಇಡುತ್ತವೆ. ಭಾನುವಾರ ಬರುವವರು ಪೊರಕೆ ತನ್ನಿ, ಕಾಫಿ ನಮ್ಮ ಮನೆಯಲ್ಲಿ.